ಜರ್ಕಿನ್ ತಿರುವಿ ತೊಡುವವನ ಲೆಕ್ಕಾಚಾರ

ಡಿಸೆಂಬರ್ ತಿಂಗಳ ಬೆಳಗಿನ ಆರು ಗಂಟೆ. ಮಂಜು ಇನ್ನೂ ರಸ್ತೆಯ ಮೇಲೆಯೇ ಮಲಗಿರುತ್ತದೆ. ಹಾಲಿನ ಕ್ಯಾನು ಕಟ್ಟಿಕೊಂಡವರು, ಪೇಪರ್ ಹಾಕುವ ಹುಡುಗರು, ಮಗನನ್ನು ಟ್ಯೂಷನ್ನಿಗೆ ಬಿಡಲು ಹೊರಟ ಅಪ್ಪಂದಿರು ಒಬ್ಬೊಬ್ಬರಾಗಿ ಸ್ಕೂಟರಿನಲ್ಲೋ ಬೈಕಿನಲ್ಲೋ ಹಾದುಹೋಗುತ್ತಾರೆ. ಅವರಲ್ಲಿ ಒಬ್ಬನನ್ನು ನೀವು ಖಂಡಿತ ನೋಡಿರುತ್ತೀರಿ. ಅವನು ಜರ್ಕಿನ್ನನ್ನು ಹಿಂದುಮುಂದಾಗಿ ತೊಟ್ಟಿರುತ್ತಾನೆ. ಬೆನ್ನಿನ ಭಾಗ ಎದೆಯ ಮೇಲೆ, ಚೈನಿನ ಭಾಗ ಬೆನ್ನಿನ ಮೇಲೆ. ನೋಡಿದ ಮಕ್ಕಳು ಕಿಸಕ್ಕನೆ ನಗುತ್ತಾರೆ. ಅವನು ಮಾತ್ರ ಗಂಭೀರವಾಗಿ ಮುಂದೆ ಸಾಗುತ್ತಾನೆ.

ನಗುವ ಮೊದಲು ಸ್ವಲ್ಪ ಯೋಚಿಸಿದರೆ, ಆತ ಯಾವ ಪುಸ್ತಕವನ್ನೂ ಓದದೆ ಭೌತವಿಜ್ಞಾನದ ಒಂದು ಸಂಗತಿಯನ್ನು ಕಂಡುಕೊಂಡಿದ್ದಾನೆ ಎಂಬುದು ತಿಳಿಯುತ್ತದೆ. ಜರ್ಕಿನ್ನಿನ ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಅದನ್ನು ತೊಡಲು ಬಿಚ್ಚಲು ಎಲ್ಲಾದರೂ ಒಂದು ಬಾಯಿ ಇರಲೇಬೇಕು. ಆ ಬಾಯಿಯನ್ನು ದರ್ಜಿಗಳು ಎದೆಯ ನಟ್ಟನಡುವೆ ಇಟ್ಟಿರುತ್ತಾರೆ. ವಾಹನ ಓಡಿಸುವವನಿಗೆ ಗಾಳಿ ಬಡಿಯುವುದೂ ಅಲ್ಲಿಯೇ! ಜರ್ಕಿನ್ನನ್ನು ತಿರುವಿ ತೊಟ್ಟರೆ ಬಾಯಿ ಬೆನ್ನಿಗೆ ಹೋಗುತ್ತದೆ, ಬಿರುಕಿಲ್ಲದ ಬಟ್ಟೆ ಗಾಳಿಗೆ ಎದುರಾಗುತ್ತದೆ. ಆದರೆ ಇದಕ್ಕೆ ಅವನು ತೆರುವ ಬೆಲೆಯೂ ಇದೆ. ಬೆನ್ನಿನ ಚೈನನ್ನು ಅವನೇ ಹಾಕಿಕೊಳ್ಳಲಾರ, ಮನೆಯವರನ್ನು ಕರೆಯಬೇಕು. ಕಾಲರು ಕುತ್ತಿಗೆಯನ್ನು ಒತ್ತುತ್ತದೆ, ತೋಳು ಎತ್ತಿದರೆ ಹಿಡಿಯುತ್ತದೆ. ಆಕಸ್ಮಾತ್ ಬಿದ್ದರೆ ಬೇಗ ಬಿಚ್ಚಲೂ ಆಗದು. ಗಾಳಿ ತಡೆಯಬೇಕು, ಸುಲಭವಾಗಿ ತೊಡಲೂ ಬರಬೇಕು, ಈ ಎರಡರ ಜಗ್ಗಾಟವೇ ಜಿಪ್ಪು, ಗುಂಡಿ, ವೆಲ್ಕ್ರೊ ಮತ್ತು ಲಾಡಿಗಳ ಕಥೆ.

ಎದೆಯ ಮೇಲೆ ಒಂದೂವರೆ ಕಿಲೋ

ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ನಿಂತ ಗಾಳಿಯಲ್ಲಿ ಈ ವೇಗದಿಂದ ನೀವು ಹೊರಟರೂ ಒಂದೇ, ನೀವು ನಿಂತಿದ್ದು ಗಾಳಿ ಆ ವೇಗದಲ್ಲಿ ಬಂದು ಬಡಿದರೂ ಒಂದೇ. ಹೀಗೆ ಬಡಿಯುವ ಗಾಳಿಯ ಒತ್ತಡ ಎಷ್ಟು? ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಉತ್ತರ ಸಿಗುತ್ತದೆ. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ತೂಗುತ್ತದೆ. ಲೆಕ್ಕ ಮಾಡಿದರೆ ಒತ್ತಡ 74 ಪಾಸ್ಕಲ್ ಬರುತ್ತದೆ. ಅಂದರೆ ಒಂದು ಚದರ ಮೀಟರಿನ ಮೇಲೆ ಸುಮಾರು ಏಳೂವರೆ ಕಿಲೋ ಭಾರ ಇಟ್ಟಂತೆ. ಎದೆ ಹೊಟ್ಟೆಗಳ ಮುಂಭಾಗ ಚದರ ಮೀಟರಿನ ಐದನೆಯ ಒಂದು ಭಾಗ ಎಂದಿಟ್ಟುಕೊಂಡರೆ, ಒಂದೂವರೆ ಕಿಲೋ ಅಕ್ಕಿಯನ್ನು ಎದೆಯ ಮೇಲೆ ಹರಡಿಕೊಂಡಷ್ಟಾಯಿತು.

ಇದೇನು ಮಹಾ ಭಾರವಲ್ಲ ಎನ್ನಬಹುದು. ನಿಜ. ಆದರೆ ಅಕ್ಕಿ ಇದ್ದಲ್ಲೇ ಇರುತ್ತದೆ, ಗಾಳಿ ಹಾಗಲ್ಲ. ಎಲ್ಲಿ ಸಂದಿ ಸಿಕ್ಕೀತು ಎಂದು ಹುಡುಕುತ್ತಿರುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುವ ತನಕ ಅದು ಸಂದಿಯ ಮೂಲಕ ನುಗ್ಗುತ್ತಲೇ ಇರುತ್ತದೆ. ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯೊಳಗೆ ಅಲುಗದೆ ನಿಂತ ಗಾಳಿ. ನುಗ್ಗಿ ಬಂದ ತಣ್ಣನೆಯ ಗಾಳಿ ಆ ಬೆಚ್ಚನೆಯ ಗಾಳಿಯನ್ನು ಹೊರಗೆ ದೂಡಿ ತಾನು ಅಲ್ಲಿ ಕೂರುತ್ತದೆ. ಅದನ್ನು ಕಾಯಿಸುವ ಕೆಲಸ ಮತ್ತೆ ಮೈಯ ಪಾಲಿಗೆ.

ಒಂದು ಉದಾಹರಣೆಯನ್ನು ಅಂಕಿಗಳಲ್ಲಿ ನೋಡೋಣ. ಎದೆಯ ಜಿಪ್ಪಿನ ಉದ್ದ 60 ಸೆಂಟಿಮೀಟರ್. ಜಿಪ್ಪು ಮುಚ್ಚಿದಾಗಲೂ ಹಲ್ಲುಗಳ ನಡುವೆ ಸಣ್ಣ ಸಣ್ಣ ಕಿಂಡಿಗಳಿರುತ್ತವೆ. ಅವನ್ನೆಲ್ಲ ಕೂಡಿಸಿ ಉದ್ದಕ್ಕೂ ಅರ್ಧ ಮಿಲಿಮೀಟರ್ ಅಗಲದ ಒಂದೇ ಸೀಳು ಎಂದು ಭಾವಿಸಿ. ಒಟ್ಟು ತೆರಪು 3 ಚದರ ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಅಂಚೆಚೀಟಿಯ ಅರ್ಧದಷ್ಟು. ಇದರ ಮೂಲಕ ಸೆಕೆಂಡಿಗೆ 11 ಮೀಟರ್ ವೇಗದಲ್ಲಿ ಗಾಳಿ ಬರುತ್ತಿದೆ. ಕಿಂಡಿಯ ಅಂಚುಗಳು ಗಾಳಿಯನ್ನು ಹಿಸುಕುವುದರಿಂದ ಲೆಕ್ಕದ ನೂರಕ್ಕೆ ಅರವತ್ತರಷ್ಟೇ ಒಳಬರುತ್ತದೆ ಎನ್ನಿ. ಆದರೂ ಸೆಕೆಂಡಿಗೆ ಎರಡು ಲೀಟರ್! ಅಷ್ಟು ಗಾಳಿಯ ತೂಕ 2.4 ಗ್ರಾಂ. ಹೊರಗೆ 14 ಡಿಗ್ರಿ, ಜರ್ಕಿನ್ನಿನ ಒಳಗೆ 30 ಡಿಗ್ರಿ. ಒಂದು ಗ್ರಾಂ ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಒಂದು ಜೂಲ್ ಶಾಖ ಬೇಕು. 2.4ನ್ನು 16ರಿಂದ ಗುಣಿಸಿದರೆ 38. ಸೆಕೆಂಡಿಗೆ 38 ಜೂಲ್, ಅಂದರೆ 38 ವಾಟ್.

ಸುಮ್ಮನೆ ಕುಳಿತ ಮನುಷ್ಯನ ಮೈ ಉತ್ಪಾದಿಸುವ ಶಾಖ ಸುಮಾರು 100 ವಾಟ್ ಮಾತ್ರ. ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಈ ಕೂದಲೆಳೆಯ ಸೀಳು ನುಂಗಿಹಾಕಿತು. ಇದು ಗರಿಷ್ಠ ಲೆಕ್ಕ ಎಂಬುದನ್ನು ಹೇಳಲೇಬೇಕು. ಒಳಗೆ ಸ್ವೆಟರ್ ಇದ್ದರೆ, ಬಂದ ಗಾಳಿಗೆ ಹೊರಹೋಗಲು ದಾರಿ ಇಕ್ಕಟ್ಟಾಗಿದ್ದರೆ ನಷ್ಟ ಇಷ್ಟಾಗದು. ಆದರೂ ಸಣ್ಣ ಸಂದಿಯನ್ನು ಸಣ್ಣದೆಂದು ತಿಳಿಯಬಾರದು ಎಂಬುದಕ್ಕೆ ಇಷ್ಟು ಸಾಕು.

ಗುಂಡಿಗಳ ನಡುವಿನ ಪೈಥಾಗೊರಸ್

ಈಗ ಜಿಪ್ಪಿನ ಜಾಗದಲ್ಲಿ ಗುಂಡಿಗಳಿರುವ ಕೋಟನ್ನು ತೆಗೆದುಕೊಳ್ಳಿ. ಗುಂಡಿಗೂ ಗುಂಡಿಗೂ ನಡುವೆ 10 ಸೆಂಟಿಮೀಟರ್ ಅಂತರ. ನೆಟ್ಟಗೆ ನಿಂತಾಗ ಎರಡು ಅಂಚುಗಳೂ ಒಂದರ ಮೇಲೊಂದು ಒಪ್ಪವಾಗಿ ಕೂರುತ್ತವೆ. ಸ್ಕೂಟರಿನ ಮೇಲೆ ಕುಳಿತು ಮುಂದಕ್ಕೆ ಬಾಗಿದಾಗ ಏನಾಗುತ್ತದೆ? ಗುಂಡಿಗಳು ಒಂದಕ್ಕೊಂದು ಸ್ವಲ್ಪ ಹತ್ತಿರ ಬರುತ್ತವೆ. ಅಂತರ 10ರಿಂದ 9.8 ಸೆಂಟಿಮೀಟರಿಗೆ ಇಳಿಯಿತು ಎನ್ನಿ, ಬರೀ ಎರಡು ಮಿಲಿಮೀಟರ್ ವ್ಯತ್ಯಾಸ. ಆದರೆ ನಡುವಿನ ಬಟ್ಟೆಯ ಉದ್ದ ಹಾಗೆಯೇ 10 ಇರುತ್ತದಲ್ಲ, ಅದು ಎಲ್ಲಿಗೆ ಹೋಗಬೇಕು? ಹೊರಕ್ಕೆ ಉಬ್ಬುತ್ತದೆ.

ಎಷ್ಟು ಉಬ್ಬುತ್ತದೆ ಎಂಬುದನ್ನು ಒಂಬತ್ತನೆಯ ತರಗತಿಯ ಹುಡುಗಿಯೂ ಹೇಳಬಲ್ಲಳು. ಉಬ್ಬನ್ನು ಎರಡು ಲಂಬಕೋನ ತ್ರಿಭುಜಗಳೆಂದು ತಿಳಿದರೆ ಪ್ರತಿಯೊಂದರ ವಿಕರ್ಣ 5, ಪಾದ 4.9. ಐದರ ವರ್ಗ 25, ನಾಲ್ಕು ದಶಮಾಂಶ ಒಂಬತ್ತರ ವರ್ಗ 24.01. ವ್ಯತ್ಯಾಸ 0.99, ಅದರ ವರ್ಗಮೂಲ ಹತ್ತಿರಹತ್ತಿರ 1. ಎರಡು ಮಿಲಿಮೀಟರ್ ಸಡಿಲಕ್ಕೆ ಒಂದು ಸೆಂಟಿಮೀಟರ್ ಉಬ್ಬು! ಕೋಟು ಮೀನಿನಂತೆ ಬಾಯಿ ಬಿಡುವುದು ಹೀಗೆ. ಅಂತರವನ್ನು 5 ಸೆಂಟಿಮೀಟರಿಗೆ ಇಳಿಸಿ ಎರಡು ಪಟ್ಟು ಗುಂಡಿ ಹೊಲಿದರೆ ಉಬ್ಬು ಅರ್ಧಕ್ಕೆ ಇಳಿಯುತ್ತದೆ. ಆದರೆ ಬೆಳಿಗ್ಗೆ ಶಾಲೆಯ ಬಸ್ಸಿಗೆ ಹೊತ್ತಾದಾಗ ಹನ್ನೆರಡು ಗುಂಡಿ ಹಾಕುವ ತಾಳ್ಮೆ ಯಾವ ಮಗುವಿಗಿದೆ, ಯಾವ ತಾಯಿಗಿದೆ?

ಬಾಗಿದಾಗ ಜಿಪ್ಪೂ ಅಲೆಅಲೆಯಾಗಿ ಮಡಿಚಿಕೊಳ್ಳುತ್ತದೆ. ಆದರೆ ಹಲ್ಲುಗಳು ಪರಸ್ಪರ ಕಚ್ಚಿಕೊಂಡೇ ಇರುವುದರಿಂದ ಬಾಯಿ ಬಿಡುವುದಿಲ್ಲ. ಗುಂಡಿಗಿಂತ ಜಿಪ್ಪು ಗಾಳಿಗೆ ಮೇಲೆನ್ನುವುದಕ್ಕೆ ಇದೇ ಮುಖ್ಯ ಕಾರಣ.

ಹಾಗೆಂದು ಗುಂಡಿಯನ್ನು ಹಳೆಯದೆಂದು ತಳ್ಳಿಹಾಕುವಂತಿಲ್ಲ. ಗುಂಡಿ ಕಿತ್ತುಹೋದರೆ ಸೂಜಿ ದಾರ ಇದ್ದರೆ ಸಾಕು, ಮನೆಯಲ್ಲೇ ರಿಪೇರಿ. ಒಂದು ಗುಂಡಿ ಹೋದರೂ ಮಿಕ್ಕ ಐದು ಕೆಲಸ ಮಾಡುತ್ತವೆ. ಜಿಪ್ಪಿನ ಒಂದು ಹಲ್ಲು ಹೋದರೆ ಇಡೀ ಜಿಪ್ಪೇ ಹೋದಂತೆ. ಬ್ರಿಟಿಷ್ ನೌಕಾಪಡೆಯವರು ಸಮುದ್ರದ ಶೀತಗಾಳಿಯಲ್ಲಿ ತೊಡುತ್ತಿದ್ದ ಡಫಲ್ ಕೋಟಿಗೆ ಬೆರಳುದ್ದದ ಮರದ ತುಂಡುಗಳೇ ಗುಂಡಿ, ಹಗ್ಗದ ಕುಣಿಕೆಯೇ ಕಾಜ. ದಪ್ಪ ಕೈಗವಸು ತೊಟ್ಟ ಕೈಯಿಂದಲೂ ಅದನ್ನು ಹಾಕಿ ಬಿಚ್ಚಬಹುದಿತ್ತು. ಎರಡು ಅಂಚುಗಳನ್ನು ಅಗಲವಾಗಿ ಒಂದರ ಮೇಲೊಂದು ಹಾಯಿಸಿ ಗಾಳಿಯನ್ನು ತಡೆಯುತ್ತಿದ್ದರು. ಗಾಳಿ ಒಳಗೆ ಬರಬೇಕಾದರೆ ಉದ್ದನೆಯ ಇಕ್ಕಟ್ಟು ದಾರಿಯಲ್ಲಿ ತೆವಳಿ ಬರಬೇಕಾಗುತ್ತಿತ್ತು.

ಇನ್ನು ಧ್ರುವಪ್ರದೇಶದ ಗ್ರೀನ್‌ಲ್ಯಾಂಡಿನ ಜನರದ್ದು ಬೇರೆಯೇ ಉಪಾಯ. ಅವರ ಅನೊರಾಕ್ ಎಂಬ ಉಡುಪಿಗೆ ಎದೆಯಲ್ಲಿ ಬಾಯಿಯೇ ಇಲ್ಲ. ಬನಿಯನ್ನಿನಂತೆ ತಲೆಯ ಮೇಲಿನಿಂದ ತೊಡಬೇಕು. ಬಾಗಿಲೇ ಇಲ್ಲದ ಗೋಡೆಗೆ ಬೀಗದ ಚಿಂತೆ ಎಲ್ಲಿಯದು? ನಮ್ಮ ಸ್ಕೂಟರಿನವನು ಜರ್ಕಿನ್ ತಿರುವಿ ತೊಟ್ಟು ಮಾಡಿಕೊಂಡದ್ದೂ ಇಂಥದೇ ಒಂದು ಅನೊರಾಕ್.

ನಾಲ್ಕೂ ಒಂದೇ ಅಂಗಿಯಲ್ಲಿ

ಈ ನಾಲ್ಕು ಸಾಧನಗಳೂ ಒಂದೊಂದಾಗಿ ಹೇಗೆ ಬಂದು ಸೇರಿದವು ಎಂಬುದನ್ನು ತಿಳಿಯಲು ಅಮೆರಿಕದ ಸೈನಿಕರ ಮೇಲಂಗಿಯ ಚರಿತ್ರೆಯನ್ನು ನೋಡಬೇಕು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ ಬಂದ ಅಂಗಿಯ ಎದೆಗೆ ಗುಂಡಿಗಳಿದ್ದವು. ಗಿಡಗಂಟಿಗೆ ಸಿಕ್ಕದಿರಲೆಂದು ಅವುಗಳ ಮೇಲೆ ಒಂದು ಬಟ್ಟೆಯ ಪಟ್ಟಿ. 1951ರ ಮಾದರಿಯಲ್ಲಿ ಗುಂಡಿಗಳು ಹೋಗಿ ಜಿಪ್ಪು ಬಂತು. ಆದರೆ ಪಟ್ಟಿಯನ್ನು ಬಿಡಲಿಲ್ಲ. ಅದನ್ನು ಜಿಪ್ಪಿನ ಮೇಲೆ ಹಾಯಿಸಿ ಟಿಚ್ ಬಟನ್‌ಗಳಿಂದ ಭದ್ರಪಡಿಸಿದರು. ಮಣಿಕಟ್ಟಿನಲ್ಲಿ ಇನ್ನೂ ಗುಂಡಿಯೇ ಇತ್ತು. 1965ರ ಎಂ-65 ಎಂಬ ಮಾದರಿಯಲ್ಲಿ ಮಣಿಕಟ್ಟಿಗೂ ಕಾಲರಿಗೂ ವೆಲ್ಕ್ರೊ ಬಂತು. ಸೊಂಟದಲ್ಲಿ ಮತ್ತು ಕೆಳ ಅಂಚಿನಲ್ಲಿ ಲಾಡಿ. ಎದೆಗೆ ಜಿಪ್ಪು, ಅದರ ಮೇಲೆ ಪಟ್ಟಿ, ಪಟ್ಟಿಗೆ ಟಿಚ್ ಬಟನ್. ಇಂದಿಗೂ ಅಂಗಡಿಯಲ್ಲಿ ನೇತುಹಾಕಿರುವ ಎಷ್ಟೋ ಜರ್ಕಿನ್‌ಗಳು ಇದರ ಮೊಮ್ಮಕ್ಕಳೇ.

ಇಲ್ಲಿ ಗಮನಿಸಬೇಕಾದದ್ದು ಜಿಪ್ಪಿನ ಮೇಲಿನ ಆ ಪಟ್ಟಿ. ಹೊರಗಡೆ ಇರುವ ಪಟ್ಟಿಯನ್ನು ಗಾಳಿಯೇ ಒತ್ತಿ ಹಿಡಿದು ಜಿಪ್ಪಿಗೆ ಅಂಟಿಸುತ್ತದೆ. ಗಾಳಿ ಜೋರಾದಷ್ಟೂ ಒತ್ತಡ ಹೆಚ್ಚು, ಸೈಕಲ್ ಟ್ಯೂಬಿನ ವಾಲ್ವ್ ಇದ್ದ ಹಾಗೆ. ಆದರೆ ಅದರ ಅಂಚನ್ನು ಎರಡು ಮೂರು ಕಡೆಯಾದರೂ ಹಿಡಿದಿಡಬೇಕು. ಇಲ್ಲವಾದರೆ ಪಕ್ಕದಿಂದ ಬಂದ ಗಾಳಿ ಅದನ್ನು ಎತ್ತಿ ಪಟಪಟ ಬಡಿಯುತ್ತದೆ. ಕೆಲವು ಜರ್ಕಿನ್‌ಗಳಲ್ಲಿ ಪಟ್ಟಿ ಜಿಪ್ಪಿನ ಒಳಗಡೆ ಇರುತ್ತದೆ. ನೋಡಲು ಇದು ಚೆನ್ನ, ಹಿಡಿದಿಡಲು ಬೇರೆ ಗುಂಡಿಯೂ ಬೇಡ. ಕಿಂಡಿಯಿಂದ ಬಂದ ಗಾಳಿ ಈ ಪಟ್ಟಿಗೆ ಬಡಿದು ಪಕ್ಕಕ್ಕೆ ತಿರುಗಿ ಸ್ವೆಟರಿನ ಮೇಲೆ ತೆವಳಬೇಕಾಗುತ್ತದೆ. ಇದರ ದೋಷವೆಂದರೆ ಅವಸರದಲ್ಲಿ ಜಿಪ್ಪು ಎಳೆದಾಗ ರನ್ನರಿನ ಬಾಯಿಗೆ ಈ ಪಟ್ಟಿಯೇ ಸಿಕ್ಕಿಕೊಳ್ಳುವುದು. ಆಗ ಬಲವಾಗಿ ಎಳೆಯಬಾರದು. ರನ್ನರನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಜರುಗಿಸುತ್ತ, ಇನ್ನೊಂದು ಕೈಯಿಂದ ಬಟ್ಟೆಯನ್ನು ಅಡ್ಡಕ್ಕೆ ಎಳೆದರೆ ಬಿಟ್ಟುಕೊಳ್ಳುತ್ತದೆ. ಕೊಳ್ಳುವಾಗ ಪಟ್ಟಿ ಸ್ವಲ್ಪ ಗಡುಸಾಗಿದೆಯೇ, ಅಂಚಿನಲ್ಲಿ ಒಂದು ಹೊಲಿಗೆ ಹೆಚ್ಚು ಹಾಕಿದ್ದಾರೆಯೇ ಎಂದು ನೋಡಿದರೆ ಈ ತಾಪತ್ರಯ ಕಡಿಮೆ.

ಜಿಪ್ಪಿನ ಇನ್ನೊಂದು ಗುಣವನ್ನು ಸೈಕಲ್ ತುಳಿಯುವ ವಿದ್ಯಾರ್ಥಿಗಳು ಬಲ್ಲರು. ಏರು ಹತ್ತುವಾಗ ಮೈ ನೂರಲ್ಲ, ಹಲವು ನೂರು ವಾಟ್ ಶಾಖ ಉತ್ಪಾದಿಸುತ್ತದೆ. ಆಗ ಗಾಳಿ ಬೇಕು. ಜಿಪ್ಪನ್ನು ನಾಲ್ಕು ಬೆರಳು ಇಳಿಸಿದರೆ ಅಷ್ಟೇ ಗಾಳಿ, ಒಂದು ಗೇಣು ಇಳಿಸಿದರೆ ಇನ್ನಷ್ಟು. ಇಳಿಜಾರು ಬಂದ ಕೂಡಲೇ ಮತ್ತೆ ಮೇಲಕ್ಕೆ. ಹೀಗೆ ಮಾಡದೆ ಬೆವೆತು ಒದ್ದೆಯಾದರೆ, ಇಳಿಜಾರಿನಲ್ಲಿ ಆ ಬೆವರೇ ಆರುತ್ತ ಮೈಯನ್ನು ತಣ್ಣಗೆ ಮಾಡುತ್ತದೆ.

ಎಲ್ಲರೂ ಮರೆಯುವ ಮಣಿಕಟ್ಟು

ಎದೆಯ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಂಗತಿ ಆಶ್ಚರ್ಯ ತರಬಹುದು. ದ್ವಿಚಕ್ರ ವಾಹನದವನ ಜರ್ಕಿನ್ನಿನಲ್ಲಿ ಅತಿ ದೊಡ್ಡ ತೂತು ಎದೆಯಲ್ಲಿಲ್ಲ, ತೋಳಿನ ತುದಿಯಲ್ಲಿದೆ. ಕೈಗಳು ಹ್ಯಾಂಡಲಿನ ಕಡೆಗೆ ಚಾಚಿರುವುದರಿಂದ ತೋಳಿನ ಬಾಯಿ ನೇರವಾಗಿ ಗಾಳಿಗೆ ತೆರೆದುಕೊಂಡಿರುತ್ತದೆ, ಕೊಳವೆಯ ಬಾಯಿಯಂತೆ.

ಲೆಕ್ಕ ಸುಲಭ. ತೋಳಿನ ಬಾಯಿಯ ಸುತ್ತಳತೆ 28 ಸೆಂಟಿಮೀಟರ್, ಮಣಿಕಟ್ಟಿನ ಸುತ್ತಳತೆ 17 ಎಂದಿಟ್ಟುಕೊಳ್ಳಿ. ಸುತ್ತಳತೆಯ ವರ್ಗವನ್ನು 12.57ರಿಂದ, ಎಂದರೆ ಪೈನ ನಾಲ್ಕರಷ್ಟರಿಂದ, ಭಾಗಿಸಿದರೆ ವೃತ್ತದ ವಿಸ್ತೀರ್ಣ ಬರುತ್ತದೆ. ತೋಳಿನ ಬಾಯಿ 62 ಚದರ ಸೆಂಟಿಮೀಟರ್, ಮಣಿಕಟ್ಟು 23. ನಡುವೆ ಉಳಿದ ಖಾಲಿ ಜಾಗ 39. ಎರಡು ತೋಳಿಗೆ 78! ಎದೆಯ ಜಿಪ್ಪಿನ ಕಿಂಡಿಗಳೆಲ್ಲ ಸೇರಿ 3 ಇದ್ದದ್ದನ್ನು ನೆನಪಿಸಿಕೊಳ್ಳಿ. ಇಪ್ಪತ್ತಾರು ಪಟ್ಟು ದೊಡ್ಡ ಬಾಗಿಲನ್ನು ತೆರೆದಿಟ್ಟುಕೊಂಡು ಕಿಟಕಿಯ ಸಂದಿಗೆ ಕಾಗದ ಅಂಟಿಸಿದಂತೆ. ಬೈಕಿನಲ್ಲಿ ಹೋಗುವವನ ತೋಳು ಹಲಸಿನ ಕಾಯಿಯಂತೆ ಉಬ್ಬಿಕೊಂಡಿದ್ದರೆ ತೂತು ಎಲ್ಲಿದೆ ಎಂದು ಕೇಳಬೇಕಾಗಿಲ್ಲ.

ವೆಲ್ಕ್ರೊ ತನ್ನ ಯೋಗ್ಯತೆ ತೋರಿಸುವುದು ಇಲ್ಲಿ. ಪಟ್ಟಿಯನ್ನು ಎಳೆದು ಬಾಯಿಯ ಸುತ್ತಳತೆಯನ್ನು 19ಕ್ಕೆ ಇಳಿಸಿದರೆ ಖಾಲಿ ಜಾಗ ಸುಮಾರು 6 ಚದರ ಸೆಂಟಿಮೀಟರಿಗೆ ಕುಗ್ಗುತ್ತದೆ. ಗುಂಡಿಯಾದರೆ ಒಂದೋ ಎರಡೋ ಅಳತೆ, ಒಳಗೆ ಸ್ವೆಟರ್ ಇದ್ದರೆ ಬಿಗಿ, ಇಲ್ಲದಿದ್ದರೆ ಸಡಿಲ. ವೆಲ್ಕ್ರೊಗೆ ಅಳತೆಯ ಹಂಗಿಲ್ಲ. ಎಲ್ಲಿ ಒತ್ತಿದರೆ ಅಲ್ಲಿ ಹಿಡಿಯುತ್ತದೆ, ಅದೂ ಒಂದೇ ಕೈಯಲ್ಲಿ. ಬಲಗೈಯ ಮಣಿಕಟ್ಟಿನ ಗುಂಡಿಯನ್ನು ಎಡಗೈಯಿಂದ, ಚಳಿಗೆ ಮರಗಟ್ಟಿದ ಬೆರಳುಗಳಿಂದ ಹಾಕಲು ಹೆಣಗಿದವರಿಗೆ ಇದರ ಬೆಲೆ ಗೊತ್ತು. ಬೆರಳಿನ ಗಂಟುಗಳು ನೋಯುವ ಅಜ್ಜ ಅಜ್ಜಿಯರಿಗೂ, ಇನ್ನೂ ಗುಂಡಿ ಹಾಕಲು ಬಾರದ ಪುಟ್ಟ ಮಕ್ಕಳಿಗೂ ಹೇಳಿ ಮಾಡಿಸಿದ್ದು.

ಇದರ ಹುಟ್ಟಿನ ಕಥೆಯನ್ನು ಅನೇಕರು ಕೇಳಿರಬಹುದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ನಾಯಿಯೊಂದಿಗೆ ಬೆಟ್ಟ ಸುತ್ತಿ ಬಂದಾಗ ಅವನ ಬಟ್ಟೆಗೂ ನಾಯಿಯ ಮೈಗೂ ಮುಳ್ಳುಕಾಯಿಗಳು ಅಂಟಿಕೊಂಡಿದ್ದವು. ನಮ್ಮಲ್ಲಿ ಹೊಲದ ಬದುವಿನಲ್ಲಿ ನಡೆದರೆ ಪಂಚೆಗೆ ಉತ್ತರಾಣಿ ಹತ್ತುವುದಿಲ್ಲವೇ, ಹಾಗೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವನಿಗೆ ಕಂಡದ್ದು ಸಣ್ಣ ಸಣ್ಣ ಕೊಕ್ಕೆಗಳು. ಒಂದು ಪಟ್ಟಿಯ ಮೇಲೆ ನೈಲಾನ್ ಕೊಕ್ಕೆ, ಇನ್ನೊಂದರ ಮೇಲೆ ನೂಲಿನ ಕುಣಿಕೆ, ಈ ಜೋಡಿಗೆ ಪೇಟೆಂಟ್ ಸಿಗಲು 1955 ಆಯಿತು.

ವೆಲ್ಕ್ರೊವಿನ ಶಕ್ತಿ ಎಳೆಯುವ ದಿಕ್ಕನ್ನು ಅವಲಂಬಿಸಿದೆ. ಪಟ್ಟಿಯನ್ನು ಅದರ ಉದ್ದಕ್ಕೆ ಜಗ್ಗಿದರೆ ನೂರಾರು ಕೊಕ್ಕೆಗಳು ಒಟ್ಟಿಗೆ ಹಿಡಿದು ನಿಲ್ಲುತ್ತವೆ. ತುದಿಯಿಂದ ಸಿಪ್ಪೆ ಸುಲಿದಂತೆ ಎತ್ತಿದರೆ ಒಂದು ಹೊತ್ತಿಗೆ ಒಂದು ಸಾಲು ಕೊಕ್ಕೆಗಳು ಮಾತ್ರ ಎದುರಿಸಬೇಕು, ಚರ್ರೆಂದು ಬಿಚ್ಚಿಕೊಳ್ಳುತ್ತದೆ. ಮಣಿಕಟ್ಟಿನಲ್ಲಿ ಉಬ್ಬಿದ ತೋಳು ಪಟ್ಟಿಯನ್ನು ಉದ್ದಕ್ಕೆ ಎಳೆಯುವುದರಿಂದ ಅದು ಗಟ್ಟಿಯಾಗಿ ನಿಲ್ಲುತ್ತದೆ. ಇದನ್ನೇ ಎದೆಯ ಉದ್ದಕ್ಕೂ ಜಿಪ್ಪಿನ ಬದಲಿಗೆ ಹಾಕಿದರೆ? ಬಾಗಿದಾಗ ಏಳುವ ಉಬ್ಬುಗಳು, ಗುಂಡಿಯ ವಿಷಯದಲ್ಲಿ ಕಂಡ ಅದೇ ಉಬ್ಬುಗಳು, ಅದನ್ನು ಸಿಪ್ಪೆಯಂತೆ ಸುಲಿದುಬಿಡುತ್ತವೆ. ಜೊತೆಗೆ ಅಂಚುಗಳು ಸೊಟ್ಟಗೆ ಕೂರುತ್ತವೆ, ಉಣ್ಣೆಯ ಸ್ವೆಟರನ್ನು ಕೊಕ್ಕೆಗಳು ಕಿತ್ತು ಹಾಳುಮಾಡುತ್ತವೆ. ವೆಲ್ಕ್ರೊಗೆ ಮಣಿಕಟ್ಟೇ ಸರಿ.

ವರ್ಷ ಕಳೆದಂತೆ ವೆಲ್ಕ್ರೊ ಹಿಡಿಯುವುದಿಲ್ಲ ಎಂಬ ದೂರು ಸಾಮಾನ್ಯ. ಸಾಮಾನ್ಯವಾಗಿ ಕೊಕ್ಕೆಗಳು ಸವೆದಿರುವುದಿಲ್ಲ. ನೂಲು, ಕೂದಲು, ಉಣ್ಣೆಯ ಜುಂಗು ಅವುಗಳಲ್ಲಿ ತುಂಬಿಕೊಂಡಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೋ ಸೂಜಿಯ ಮೊನೆಯಿಂದಲೋ ಬಿಡಿಸಿ ತೆಗೆದರೆ ಮತ್ತೆ ಮೊದಲಿನಂತಾಗುತ್ತದೆ. ಒಗೆಯುವಾಗ ಪಟ್ಟಿಯನ್ನು ಮುಚ್ಚಿಯೇ ಒಗೆದರೆ ಜುಂಗು ಸೇರುವುದೇ ಇಲ್ಲ. ಇನ್ನೊಂದು ಪಟ್ಟಿಯ ಕುಣಿಕೆಗಳೇ ಕಿತ್ತು ನಯವಾಗಿದ್ದರೆ ಮಾತ್ರ ಹೊಸ ಪಟ್ಟಿ ಹೊಲಿಸದೆ ಗತಿಯಿಲ್ಲ.

ಲಾಡಿ ಮತ್ತು ಖಾಲಿ ಬಾಟಲಿ

ಖಾಲಿ ಬಾಟಲಿಯ ಬಾಯಿಗೆ ಬಾಯಿಟ್ಟು ಊದಿ ನೋಡಿ. ಎಷ್ಟು ಊದಿದರೂ ಗಾಳಿ ಒಳಗೆ ಹೋಗುವುದಿಲ್ಲ. ಹೊರಗೆ ಹೋಗಲು ದಾರಿ ಇಲ್ಲದ ಕಡೆ ಗಾಳಿ ಒಳಗೂ ಬರುವುದಿಲ್ಲ. ಬಾಟಲಿಯ ತಳಕ್ಕೆ ತೂತು ಕೊರೆದರೆ ಸಲೀಸಾಗಿ ಹರಿಯುತ್ತದೆ.

ಜರ್ಕಿನ್ನಿನ ಕೆಳ ಅಂಚು ಬಾಟಲಿಯ ಆ ತೂತು. ಎದೆಯಿಂದ, ತೋಳಿನಿಂದ ನುಗ್ಗಿದ ಗಾಳಿ ಸೊಂಟದ ಹಿಂಭಾಗದಿಂದ ಹೊರಗೆ ಹೋಗುತ್ತಿರುತ್ತದೆ. ವಿದ್ಯುತ್ತಿನ ಪಾಠದಲ್ಲಿ ಸರಣಿಯಲ್ಲಿ ಜೋಡಿಸಿದ ರೋಧಕಗಳನ್ನು ಓದಿದವರು ಇದನ್ನು ಬೇಗ ಹಿಡಿಯಬಲ್ಲರು. ಒಳಬರುವ ದಾರಿ ಒಂದು ರೋಧಕ, ಹೊರಹೋಗುವ ದಾರಿ ಇನ್ನೊಂದು. ಯಾವುದಾದರೂ ಒಂದನ್ನು ಹೆಚ್ಚಿಸಿದರೂ ಪ್ರವಾಹ ತಗ್ಗುತ್ತದೆ. ಕೆಳ ಅಂಚಿನ ಲಾಡಿಯನ್ನು ಬಿಗಿದರೆ ಒಳಗಿನ ಒತ್ತಡ ಏರಿ ಹೊರಗಿನದಕ್ಕೆ ಸಮೀಪಿಸುತ್ತದೆ. ಆಗ ಜಿಪ್ಪಿನ ಕಿಂಡಿಗಳು ಇದ್ದಂತೆಯೇ ಇದ್ದರೂ ಅವುಗಳ ಮೂಲಕ ಗಾಳಿಯನ್ನು ದೂಡುವವರೇ ಇರುವುದಿಲ್ಲ. ಜರ್ಕಿನ್ ಸ್ವಲ್ಪ ಉಬ್ಬಬಹುದು, ಉಬ್ಬಲಿ ಬಿಡಿ. ಒಳಗೆ ನಿಂತ ಗಾಳಿ ಮೈಗೆ ಹೊದಿಕೆಯೇ ಆಗುತ್ತದೆ. ಸೊಂಟದಲ್ಲಿ ಮೊದಲಿನಿಂದಲೂ ಎಲಾಸ್ಟಿಕ್ ಪಟ್ಟಿ ಇರುವ ಗಿಡ್ಡ ಜರ್ಕಿನ್‌ಗಳು ಸ್ಕೂಟರಿನವರಿಗೆ ಏಕೆ ಒಗ್ಗುತ್ತವೆ ಎಂಬುದಕ್ಕೂ ಇದೇ ಉತ್ತರ.

ಆದರೆ ಲಾಡಿಯ ವಿಷಯದಲ್ಲಿ ತಂದೆ ತಾಯಿಗಳು ತುಂಬ ಎಚ್ಚರವಾಗಿರಬೇಕು. ಜೋತುಬಿದ್ದ ಲಾಡಿ ಎಲ್ಲಿ ಬೇಕಾದರೂ ಸಿಕ್ಕಿಕೊಳ್ಳುತ್ತದೆ. ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ತೆರೆದ ಕಾರಿನಲ್ಲಿ ಕುಳಿತಿದ್ದಾಗ ಕುತ್ತಿಗೆಯ ಉದ್ದನೆಯ ವಸ್ತ್ರ ಚಕ್ರಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡಳು. ಸೀರೆಯ ಸೆರಗು, ದುಪಟ್ಟಾಗಳು ಬೈಕಿನ ಚಕ್ರಕ್ಕೆ ಸಿಕ್ಕುವ ಅಪಘಾತಗಳನ್ನು ನಮ್ಮ ಪತ್ರಿಕೆಗಳಲ್ಲೂ ಓದುತ್ತೇವೆ. ಮಕ್ಕಳ ಜರ್ಕಿನ್ನಿನ ಟೋಪಿಯ ಲಾಡಿ ಇನ್ನೂ ಅಪಾಯಕಾರಿ. ಜಾರುಬಂಡೆಯ ಮೇಲ್ತುದಿಯ ಸಂದಿಗೆ ಅದರ ಗಂಟು ಸಿಕ್ಕಿಕೊಂಡು, ಮಗು ಕೆಳಗೆ ಜಾರಿದಾಗ ಕುತ್ತಿಗೆ ಬಿಗಿಯುತ್ತದೆ. ಸೊಂಟದ ಲಾಡಿ ಬಸ್ಸಿನ ಬಾಗಿಲಿಗೆ ಸಿಕ್ಕಿ ಮಕ್ಕಳು ಎಳೆಯಲ್ಪಟ್ಟದ್ದೂ ಉಂಟು. ಇಂಥ ಸಾವುಗಳನ್ನು ಕಂಡ ಮೇಲೆ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1996ರಲ್ಲಿ ಮಾರ್ಗಸೂಚಿ ಹೊರಡಿಸಿ, ಮಕ್ಕಳ ಮೇಲಂಗಿಯ ಟೋಪಿಗೆ ಮತ್ತು ಕುತ್ತಿಗೆಗೆ ಲಾಡಿಯೇ ಬೇಡವೆಂದಿತು. ಸೊಂಟದ ಲಾಡಿ ಹೊರಗೆ ಮೂರು ಅಂಗುಲಕ್ಕಿಂತ ಹೆಚ್ಚು ಇಳಿಬೀಳಬಾರದು, ತುದಿಯಲ್ಲಿ ಗಂಟಿರಬಾರದು, ಅದನ್ನು ಬೆನ್ನ ನಡುವೆ ಹೊಲಿದಿರಬೇಕು ಎಂದೂ ಹೇಳಿತು.

ಮನೆಯಲ್ಲಿ ಲಾಡಿ ಇರುವ ಮಕ್ಕಳ ಜರ್ಕಿನ್ ಇದ್ದರೆ ಟೋಪಿಯ ಲಾಡಿಯನ್ನು ಎಳೆದು ತೆಗೆದುಬಿಡಬಹುದು. ಅದರ ಜಾಗದಲ್ಲಿ ಎರಡು ಬೆರಳುದ್ದದ ಎಲಾಸ್ಟಿಕ್ಕನ್ನು ಒಳಗೇ ಹೊಲಿದರೆ ಟೋಪಿ ಮುಖದ ಸುತ್ತ ಕೂರುತ್ತದೆ, ಜೋತುಬೀಳುವುದು ಏನೂ ಇರುವುದಿಲ್ಲ. ದೊಡ್ಡವರ ಜರ್ಕಿನ್ನಿನಲ್ಲಾದರೆ, ಒತ್ತಿದರೆ ಸಡಿಲವಾಗಿ ಬಿಟ್ಟರೆ ಹಿಡಿದುಕೊಳ್ಳುವ ಸ್ಪ್ರಿಂಗಿನ ಗುಬ್ಬಿ ಇರುವ ಲಾಡಿ ಒಳ್ಳೆಯದು. ಗಂಟು ಹಾಕಿದ ಲಾಡಿ ಮಳೆಯಲ್ಲಿ ನೆನೆದರೆ ಬಿಚ್ಚುವುದು ಹಲ್ಲಿನ ಕೆಲಸವಾಗುತ್ತದೆ. ಬಿಗಿದ ಮೇಲೆ ಉಳಿದ ತುದಿಯನ್ನು ಜೇಬಿನೊಳಗೆ ಸೇರಿಸುವುದನ್ನು ಮರೆಯಬಾರದು.

ಫ್ಯಾನಿನ ಮುಂದೆ ಪರೀಕ್ಷೆ

ನಿಮ್ಮ ಜರ್ಕಿನ್ನಿನ ತೂತು ಎಲ್ಲಿದೆ ಎಂದು ತಿಳಿಯಲು ಒಂದು ಟೇಬಲ್ ಫ್ಯಾನ್ ಸಾಕು. ಜರ್ಕಿನ್ನನ್ನು ಜಿಪ್ಪು ಹಾಕಿ ಕುರ್ಚಿಯ ಬೆನ್ನಿಗೆ ತೊಡಿಸಿ, ಎದೆಯ ಭಾಗ ಫ್ಯಾನಿಗೆ ಎದುರಾಗಿರಲಿ. ಕೈಯ ಹಿಂಭಾಗವನ್ನು ನೀರಿನಿಂದ ಒದ್ದೆ ಮಾಡಿಕೊಂಡು ಜರ್ಕಿನ್ನಿನ ಒಳಗೆ ತೂರಿಸಿ, ಜಿಪ್ಪಿನ ಹಿಂದೆ ಮೇಲಿನಿಂದ ಕೆಳಗೆ ನಿಧಾನವಾಗಿ ಆಡಿಸಿ. ಒದ್ದೆ ಚರ್ಮ ಸಣ್ಣ ಗಾಳಿಯನ್ನೂ ತಕ್ಷಣ ಹೇಳುತ್ತದೆ. ತಣ್ಣಗೆ ತಗುಲಿದ ಕಡೆ ಸೋರಿಕೆ ಇದೆ. ಬಟ್ಟೆಯ ಹಿಂದೆಯೂ ಎಲ್ಲ ಕಡೆ ತಣ್ಣಗೆ ಎನಿಸಿದರೆ ಬಟ್ಟೆಯೇ ಗಾಳಿ ಬಿಡುತ್ತಿದೆ, ಅದಕ್ಕೆ ಜಿಪ್ಪನ್ನು ದೂರಿ ಫಲವಿಲ್ಲ. ಊದುಬತ್ತಿಯ ಹೊಗೆಯಿಂದ ನೋಡೋಣವೆಂದು ಮಾತ್ರ ಹೊರಡಬೇಡಿ, ನೈಲಾನ್ ಬಟ್ಟೆಗೆ ಕಿಡಿ ತಗುಲಿದರೆ ಕರಗಿ ತೂತಾಗುತ್ತದೆ.

ಅಂದಹಾಗೆ, ಜರ್ಕಿನ್ ತಿರುವಿ ತೊಡುವವರಲ್ಲಿ ಕೆಲವರು ಗಾಳಿಗಾಗಿ ಅಲ್ಲ, ಚೈನು ಕೆಟ್ಟಿದೆಯೆಂದು ಹಾಗೆ ತೊಡುವವರಿರುತ್ತಾರೆ. ರನ್ನರ್ ಮೇಲಕ್ಕೆ ಹೋಗುತ್ತದೆ, ಆದರೆ ಅದರ ಹಿಂದೆಯೇ ಜಿಪ್ಪು ಬಾಯಿ ಬಿಡುತ್ತದೆ. ಹಲ್ಲು ಹೋಗಿದೆ ಎಂದು ಜರ್ಕಿನ್ನನ್ನೇ ಮೂಲೆಗೆ ಹಾಕುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಹಲ್ಲುಗಳು ಸರಿಯಾಗಿಯೇ ಇರುತ್ತವೆ. ಎಳೆದೆಳೆದು ರನ್ನರಿನ ಮೇಲಿನ ಮತ್ತು ಕೆಳಗಿನ ತಗಡುಗಳ ನಡುವೆ ಅಂತರ ಹೆಚ್ಚಾಗಿ, ಹಲ್ಲುಗಳನ್ನು ಒತ್ತಿ ಸೇರಿಸುವ ಬಲ ಅದಕ್ಕೆ ಇಲ್ಲವಾಗಿರುತ್ತದೆ. ಜಿಪ್ಪನ್ನು ಪೂರ್ತಿ ಕೆಳಕ್ಕೆ ಇಳಿಸಿ, ರನ್ನರಿನ ಹಿಂಬದಿಯ ಎರಡು ಪಕ್ಕಗಳನ್ನು ಇಕ್ಕಳದಿಂದ ಒಂದೊಂದಾಗಿ, ಬಹಳ ಮೆಲ್ಲಗೆ ಒತ್ತಬೇಕು. ಒಂದು ಸಲ ಒತ್ತಿ ಎಳೆದು ನೋಡಿ, ಸಾಲದಿದ್ದರೆ ಇನ್ನೊಂದು ಸಲ. ಅವಸರಪಟ್ಟರೆ ತಗಡು ಮುರಿಯುತ್ತದೆ, ಅತಿಯಾಗಿ ಒತ್ತಿದರೆ ಜರುಗುವುದೇ ಇಲ್ಲ. ಬಿಗಿಯಾಗಿ ಓಡುವ ಜಿಪ್ಪಿನ ಹಲ್ಲುಗಳಿಗೆ ಮೇಣದಬತ್ತಿಯನ್ನೋ ಪೆನ್ಸಿಲ್ ಸೀಸವನ್ನೋ ಉಜ್ಜಿದರೆ ಸರಾಗವಾಗುತ್ತದೆ. ರನ್ನರ್ ಪೂರ್ತಿ ಸವೆದಿದ್ದರೆ ಅದೊಂದನ್ನೇ ಬದಲಿಸಿಕೊಡುವ ದರ್ಜಿಗಳು ಪೇಟೆಯಲ್ಲಿದ್ದಾರೆ. ರನ್ನರಿನ ಬೆನ್ನಿನ ಮೇಲೆ 5 ಅಥವಾ 8 ಎಂಬ ಅಂಕಿ ಒತ್ತಿರುವುದನ್ನು ಕಾಣಬಹುದು. ಅದು ಮುಚ್ಚಿದ ಹಲ್ಲುಗಳ ಅಗಲವನ್ನು ಹೆಚ್ಚುಕಡಿಮೆ ಮಿಲಿಮೀಟರಿನಲ್ಲಿ ಸೂಚಿಸುತ್ತದೆ. ಹೊಸ ರನ್ನರ್ ಕೇಳುವಾಗ ಆ ಅಂಕಿಯನ್ನೂ, ಹಲ್ಲು ಲೋಹದ್ದೋ ಪ್ಲಾಸ್ಟಿಕ್ಕಿನದೋ ಸುರುಳಿ ನೈಲಾನಿನದೋ ಎಂಬುದನ್ನೂ ಹೇಳಿದರೆ ಸರಿಯಾದದ್ದು ಸಿಗುತ್ತದೆ.